ಲಾಭ–ನಷ್ಟದ ಲೆಕ್ಕದಲ್ಲಿ ಆಧಾರ ತಪ್ಪಿದೆಯೇ? ತಾಳೆ ನೋಡುವ ಕ್ರಮ, ಹಂತ ಹಂತವಾಗಿ

ಮಂಡ್ಯದ ನಮ್ಮ ಶಾಲೆಯ ಎಂಟನೆಯ ತರಗತಿಗೆ ಕಿರು ಪರೀಕ್ಷೆಯಲ್ಲಿ ಈ ಲೆಕ್ಕ ಕೊಟ್ಟಿದ್ದೆ:

"ಒಬ್ಬ ವ್ಯಾಪಾರಿ ಒಂದು ಮೂಟೆ ಬೆಲ್ಲವನ್ನು ₹1,800ಕ್ಕೆ ಮಾರಿ ಶೇ 20ರಷ್ಟು ಲಾಭ ಗಳಿಸಿದನು. ಅವನು ಅದನ್ನು ಕೊಂಡ ಬೆಲೆ ಎಷ್ಟು?"

ಅರ್ಧಕ್ಕಿಂತ ಹೆಚ್ಚು ಮಕ್ಕಳು ₹1,440 ಎಂದು ಬರೆದಿದ್ದರು. ಸರಿಯುತ್ತರ ₹1,500. ಇದೇ ತಪ್ಪನ್ನು ಹೋದ ವರ್ಷದ ತರಗತಿಯೂ ಮಾಡಿತ್ತು, ಅದರ ಹಿಂದಿನ ವರ್ಷದ್ದೂ ಮಾಡಿತ್ತು. ಈ ಸಲ ನನ್ನ ನಿದ್ದೆ ಕೆಡಿಸಿದ್ದು ಆ ತಪ್ಪಿನ ಮುಂದಿನ ಭಾಗ. ಉತ್ತರಪತ್ರಿಕೆಗಳನ್ನು ಹಿಂತಿರುಗಿಸಿ "ತಾಳೆ ನೋಡಿ" ಎಂದಾಗ ಮಕ್ಕಳು ಶ್ರದ್ಧೆಯಿಂದಲೇ ತಾಳೆ ನೋಡಿದರು. 1,800ರ ಶೇ 20 ಎಂದರೆ 360. 1,440ಕ್ಕೆ 360 ಕೂಡಿದರೆ 1,800. ತಾಳೆಯಾಯಿತು! ತಪ್ಪು ಉತ್ತರ ಎರಡನೆಯ ಸಲ ಗಟ್ಟಿಯಾಗಿ ಕೂತಿತು.

ಗುಣಾಕಾರದಲ್ಲಿ ಎಡವಿದ ಮಗು ಇನ್ನೊಮ್ಮೆ ಗುಣಿಸಿದರೆ ತಪ್ಪು ಸಿಕ್ಕಿಬೀಳುತ್ತದೆ. ಶೇಕಡಾವನ್ನು ಯಾವುದರ ಮೇಲೆ ತೆಗೆಯಬೇಕು ಎಂಬಲ್ಲೇ ಎಡವಿದ್ದರೆ ಎಷ್ಟು ಸಲ ತಿರುಗಿ ಮಾಡಿದರೂ ಅದು ಸಿಗುವುದಿಲ್ಲ. ಆ ತಪ್ಪನ್ನು ಹಿಡಿಯುವುದಕ್ಕೆ ತಾಳೆಯ ಕ್ರಮವೇ ಬೇರೆ ಇರಬೇಕು. ಪರೀಕ್ಷೆಯ ಕೊನೆಯ ಹತ್ತು ನಿಮಿಷದಲ್ಲಿ ತಮ್ಮ ಉತ್ತರವನ್ನು ತಾವೇ ನೋಡಿಕೊಳ್ಳುವ ಮಕ್ಕಳಿಗೂ, ಮನೆಗೆ ಬಂದ ಉತ್ತರಪತ್ರಿಕೆಯನ್ನು ಮುಂದಿಟ್ಟುಕೊಂಡು ಕೂರುವ ತಂದೆತಾಯಿಗೂ ಉಪಯೋಗವಾಗಲೆಂದು ಅದನ್ನು ಇಲ್ಲಿ ಬರೆದಿದ್ದೇನೆ.

## ಮೊದಲು ಕೈಯಲ್ಲಿ ಇರಬೇಕಾದದ್ದು

ಪ್ರಶ್ನೆಪತ್ರಿಕೆ, ಉತ್ತರಪತ್ರಿಕೆ, ಒಂದು ಪೆನ್ಸಿಲ್, ಒಂದು ಖಾಲಿ ಹಾಳೆ. ಕ್ಯಾಲ್ಕ್ಯುಲೇಟರ್ ಬೇಡ. ಅದನ್ನು ಹಿಡಿದರೆ ಗಮನವೆಲ್ಲ ಗುಣಾಕಾರ, ಭಾಗಾಕಾರಗಳ ಕಡೆಗೆ ಹೋಗುತ್ತದೆ, ನಾವು ಹುಡುಕುತ್ತಿರುವ ತಪ್ಪು ಅಲ್ಲಿ ಇರುವುದಿಲ್ಲ.

ಪ್ರಶ್ನೆಪತ್ರಿಕೆ ಇಲ್ಲದೆ ಬರೀ ಉತ್ತರಪತ್ರಿಕೆಯನ್ನು ನೋಡಬೇಡಿ. ₹1,440 ಬರೆದ ಮಕ್ಕಳ ಕೆಲಸವೆಲ್ಲ ಅಚ್ಚುಕಟ್ಟಾಗಿತ್ತು. ಸೂತ್ರ ಇತ್ತು, ಹಂತಗಳಿದ್ದವು, ಕೊನೆಗೆ ಉತ್ತರಕ್ಕೆ ಚೌಕ ಹಾಕಿದ್ದರು. ಪ್ರಶ್ನೆಯನ್ನು ಪಕ್ಕದಲ್ಲಿ ಇಟ್ಟುಕೊಳ್ಳದಿದ್ದರೆ ನಾನೂ ಸರಿ ಗುರುತು ಹಾಕಿಬಿಡುತ್ತಿದ್ದೆನೋ ಏನೋ.

ಲೆಕ್ಕ ನೋಡುವ ಕ್ರಮವನ್ನೂ ಬದಲಾಯಿಸಿಕೊಳ್ಳಬೇಕು. ಮೊದಲು ಆಧಾರ, ಆಮೇಲೆ ಹಂತಗಳು, ಕೊನೆಗೆ ಕೂಡುವುದು ಕಳೆಯುವುದು. ನಾವೆಲ್ಲ ಸಾಮಾನ್ಯವಾಗಿ ಇದನ್ನು ತಿರುಗಾ ಮುರುಗಾ ಮಾಡುತ್ತೇವೆ.

## ಹಂತ 1: ಉತ್ತರ ನೋಡುವ ಮೊದಲೇ ಪ್ರಶ್ನೆಯಲ್ಲಿ ಆಧಾರಕ್ಕೆ ಗೆರೆ ಎಳೆಯಿರಿ

ಶೇ 20 ಎನ್ನುವುದು ತಾನಾಗಿ ಒಂದು ಮೊತ್ತವಲ್ಲ. ಅದು ಯಾವುದೋ ಒಂದರ ಶೇ 20. ಆ "ಯಾವುದೋ ಒಂದು" ನಮ್ಮ ಆಧಾರ. ಉತ್ತರದ ಮೇಲೆ ಕಣ್ಣು ಹಾಯಿಸುವ ಮೊದಲೇ ಪ್ರಶ್ನೆಯನ್ನು ಓದಿ, "ಯಾವುದರ ಶೇಕಡಾ?" ಎಂದು ಕೇಳಿಕೊಂಡು ಆ ಪದದ ಕೆಳಗೆ ಗೆರೆ ಎಳೆಯಬೇಕು. ಉತ್ತರವನ್ನು ಮೊದಲೇ ನೋಡಿದರೆ ಅದರ ದಾರಿಯಲ್ಲೇ ನಮ್ಮ ಮನಸ್ಸೂ ಹೋಗಿಬಿಡುತ್ತದೆ.

ಕನ್ನಡದಲ್ಲಿ ಬರೆದ ಪ್ರಶ್ನೆಗಳಲ್ಲಿ ಆಧಾರವನ್ನು ಬಹುಮಟ್ಟಿಗೆ ಪದದ ಕೊನೆಯ ಪ್ರತ್ಯಯವೇ ತೋರಿಸಿಕೊಡುತ್ತದೆ. ಮಕ್ಕಳಿಗೆ ವ್ಯಾಕರಣದ ತರಗತಿಯಲ್ಲಿ ಗೊತ್ತಿರುವುದು ಗಣಿತದ ತರಗತಿಯಲ್ಲಿ ನೆನಪಿಗೆ ಬರುವುದಿಲ್ಲ, ಅಷ್ಟೇ. "ಗಿಂತ" ಬಂದರೆ ಅದು ಅಂಟಿಕೊಂಡಿರುವ ಪದವೇ ಆಧಾರ. "ಈ ವರ್ಷದ ಕಬ್ಬಿನ ಇಳುವರಿ ಹೋದ ವರ್ಷಕ್ಕಿಂತ ಶೇ 25 ಹೆಚ್ಚಾಗಿ 50 ಟನ್ ಆಯಿತು" ಎಂದರೆ ಆಧಾರ ಹೋದ ವರ್ಷ. ಆದ್ದರಿಂದ ಹೋದ ವರ್ಷದ ಇಳುವರಿ 40 ಟನ್. 50ರ ಶೇ 25 ಕಳೆದು 37.5 ಎಂದು ಬರೆದ ಮಗು ಈ ವರ್ಷವನ್ನು ಆಧಾರ ಮಾಡಿಕೊಂಡಿದೆ. "400ರಿಂದ 500ಕ್ಕೆ ಏರಿತು" ಎಂದಾಗ "ಇಂದ" ಹತ್ತಿದ ಸಂಖ್ಯೆ ಆಧಾರ. "ನಮೂದಿತ ಬೆಲೆಯ ಮೇಲೆ ಶೇ 10 ರಿಯಾಯಿತಿ" ಎಂದಾಗ "ಮೇಲೆ" ಎಂಬುದರ ಹಿಂದಿನ ಪದ ಆಧಾರ.

ತೊಂದರೆ ಹುಟ್ಟುವುದು ಇಂಥ ಯಾವ ಗುರುತೂ ಇಲ್ಲದ ವಾಕ್ಯದಲ್ಲಿ. ಬೆಲ್ಲದ ಲೆಕ್ಕವನ್ನು ಮತ್ತೊಮ್ಮೆ ಓದಿ: "₹1,800ಕ್ಕೆ ಮಾರಿ ಶೇ 20ರಷ್ಟು ಲಾಭ ಗಳಿಸಿದನು." ಯಾವುದರ ಶೇ 20 ಎಂದು ವಾಕ್ಯ ಹೇಳುವುದೇ ಇಲ್ಲ. ಇಡೀ ಪ್ರಶ್ನೆಯಲ್ಲಿ ರೂಪಾಯಿಯಲ್ಲಿರುವ ಸಂಖ್ಯೆ 1,800 ಒಂದೇ. ಮಗು ಅದನ್ನೇ ಹಿಡಿದುಕೊಳ್ಳುತ್ತದೆ. ಇಂಥ ಕಡೆ ಶಾಲೆಯ ಗಣಿತದ ಒಪ್ಪಂದವನ್ನು ನೆನಪಿಟ್ಟುಕೊಳ್ಳಬೇಕು. ಬೇರೆ ಏನೂ ಹೇಳದಿದ್ದರೆ ಲಾಭ ಮತ್ತು ನಷ್ಟದ ಶೇಕಡಾ ಕೊಂಡ ಬೆಲೆಯ ಮೇಲೆ, ರಿಯಾಯಿತಿಯ ಶೇಕಡಾ ನಮೂದಿತ ಬೆಲೆಯ ಮೇಲೆ. ಪ್ರಶ್ನೆಯಲ್ಲಿ ಆ ಪದ ಇಲ್ಲದಿದ್ದರೆ ಪೆನ್ಸಿಲ್‌ನಲ್ಲಿ ನಾವೇ ಬರೆದುಕೊಳ್ಳಬೇಕು: "(ಕೊಂಡ ಬೆಲೆಯ) ಶೇ 20ರಷ್ಟು ಲಾಭ."

ಇದನ್ನು ಹೇಳಿದ ದಿನ ಒಬ್ಬಳು ಎದ್ದು ನಿಂತಳು. ಅವಳ ಮನೆಯವರಿಗೆ ದಿನಸಿ ಅಂಗಡಿ ಇದೆ. "ಸರ್, ನಮ್ಮ ತಂದೆ ಮಾರುವ ಬೆಲೆಯ ಮೇಲೆಯೇ ಲೆಕ್ಕ ಹಾಕುತ್ತಾರೆ. ನೂರು ರೂಪಾಯಿಯ ಪೊಟ್ಟಣಕ್ಕೆ ಹತ್ತು ರೂಪಾಯಿ ಸಿಕ್ಕರೆ ಹತ್ತು ಪರ್ಸೆಂಟ್ ಎನ್ನುತ್ತಾರೆ" ಎಂದಳು. ಅವಳು ಹೇಳಿದ್ದು ನಿಜ. ಪೊಟ್ಟಣದ ಮೇಲೆ ಗರಿಷ್ಠ ಬೆಲೆ ಅಚ್ಚಾಗಿರುವುದರಿಂದ ಅಂಗಡಿಯವರು ತಮಗೆ ಸಿಗುವ ಪಾಲನ್ನು ಆ ಬೆಲೆಯ ಮೇಲೆ ಹೇಳುವುದು ವಾಡಿಕೆ. ಅವರು ₹90ಕ್ಕೆ ತಂದು ₹100ಕ್ಕೆ ಮಾರುತ್ತಾರೆ. ಶಾಲೆಯ ಲೆಕ್ಕದಲ್ಲಿ ಅದೇ ಲಾಭ 90ರ ಮೇಲೆ ಹತ್ತು, ಅಂದರೆ ಶೇ 11 1/9. ಎರಡೂ ಕಡೆ ಸಿಕ್ಕ ಹಣ ಹತ್ತೇ ರೂಪಾಯಿ, ಆಧಾರ ಮಾತ್ರ ಬೇರೆ. ಅಂಗಡಿಯ ಮನೆಯ ಮಕ್ಕಳು ಈ ಲೆಕ್ಕದಲ್ಲಿ ಹೆಚ್ಚು ಎಡವುವುದನ್ನು ಕಂಡಿದ್ದೇನೆ. ಅವರಿಗೆ "ನೀನು ತಪ್ಪು" ಎನ್ನುವ ಬದಲು ಈ ವ್ಯತ್ಯಾಸವನ್ನು ಬಿಡಿಸಿ ಹೇಳಿದರೆ ಬೇಗ ಹಿಡಿಯುತ್ತಾರೆ. ಪ್ರಶ್ನೆಯೇ "ಮಾರಿದ ಬೆಲೆಯ ಮೇಲೆ ಶೇ 20 ಲಾಭ" ಎಂದು ಬಾಯಿಬಿಟ್ಟು ಹೇಳಿದರೆ ಆಗ ₹1,440 ಉತ್ತರವೇ ಸರಿ.

## ಹಂತ 2: ಆಧಾರದ ಎದುರಿಗೆ 100 ಬರೆಯಿರಿ

ಖಾಲಿ ಹಾಳೆಯಲ್ಲಿ ಮೂರು ಸಾಲು ಬರೆಯಿರಿ. ಎಡಗಡೆ ಶೇಕಡಾ, ಬಲಗಡೆ ರೂಪಾಯಿ. ಯಾವ ಸಾಲಿಗೆ 100 ಕೊಡುತ್ತೀರೋ ಅದು ಆಧಾರ. ಬೆಲ್ಲದ ಲೆಕ್ಕಕ್ಕೆ ಹೀಗಾಗುತ್ತದೆ:

ಕೊಂಡ ಬೆಲೆ: 100 → ?
ಲಾಭ: 20 → ?
ಮಾರಿದ ಬೆಲೆ: 120 → ₹1,800

120 ಭಾಗಕ್ಕೆ ₹1,800 ಆದರೆ ಒಂದು ಭಾಗಕ್ಕೆ ₹15, ನೂರು ಭಾಗಕ್ಕೆ ₹1,500. ನಷ್ಟದ ಲೆಕ್ಕವಾದರೆ ಮಾರಿದ ಬೆಲೆಯ ಎದುರು 100ಕ್ಕಿಂತ ಕಡಿಮೆ ಬರುತ್ತದೆ. ಶೇ 10 ನಷ್ಟಕ್ಕೆ ₹720ಕ್ಕೆ ಮಾರಿದ್ದರೆ 90 ಭಾಗಕ್ಕೆ ₹720, ಕೊಂಡ ಬೆಲೆ ₹800.

ಈ ಮೂರು ಸಾಲುಗಳನ್ನು ಸ್ವಂತವಾಗಿ ಬರೆದುಕೊಂಡ ಮೇಲೆಯೇ ಮಗುವಿನ ಉತ್ತರದ ಕಡೆ ನೋಡಿ. ಅದರ ಬರಹದಲ್ಲಿ 100 ಯಾವುದಕ್ಕೆ ಸೇರಿದೆ ಎಂದು ಹುಡುಕಿ. "1,800 × 20/100" ಎಂದು ಬರೆದಿದ್ದರೆ 1,800ಕ್ಕೆ 100 ಕೊಟ್ಟಂತಾಯಿತು. ನಮ್ಮ ಹಾಳೆಯಲ್ಲಿ 1,800ರ ಎದುರು 120 ಇದೆ. ಮುಂದಿನ ಹಂತಗಳನ್ನು ಓದುವ ಮೊದಲೇ ತಪ್ಪು ಎಲ್ಲಿದೆ ಎಂಬುದು ಗೊತ್ತಾಗಿಬಿಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಸೂತ್ರವನ್ನು ಬಾಯಿಪಾಠ ಮಾಡಿದ ಮಕ್ಕಳು ಈ ಮೂರು ಸಾಲುಗಳನ್ನು ಬಿಟ್ಟು ನೇರವಾಗಿ "100/120" ಎಂದೋ "120/100" ಎಂದೋ ಬರೆಯುತ್ತಾರೆ. ಯಾವುದು ಮೇಲೆ, ಯಾವುದು ಕೆಳಗೆ ಎಂಬ ಗೊಂದಲ ಅಲ್ಲಿಂದ ಶುರುವಾಗುತ್ತದೆ. ಸಾಲುಗಳನ್ನು ಬರೆದರೆ ಸೂತ್ರದ ಅಗತ್ಯವೇ ಬೀಳುವುದಿಲ್ಲ.

## ಹಂತ 3: ವ್ಯಾಪಾರ ನಡೆದ ದಾರಿಯಲ್ಲೇ ನಡೆದು ತಾಳೆ ನೋಡಿ

ಕಿರು ಪರೀಕ್ಷೆಯಲ್ಲಿ ನನ್ನ ಮಕ್ಕಳ ತಾಳೆ ಕೆಟ್ಟದ್ದು ಇಲ್ಲಿಯೇ, ಹಾಗಾಗಿ ಈ ಹಂತಕ್ಕೆ ಬೇಕಾದಷ್ಟು ಹೊತ್ತು ಕೊಡುತ್ತೇನೆ.

ವ್ಯಾಪಾರಿ ಮೊದಲು ಕೊಂಡ. ಆಮೇಲೆ ಲಾಭ ಸೇರಿಸಿದ. ಆಮೇಲೆ ಮಾರಿದ. ತಾಳೆಯೂ ಅದೇ ಕ್ರಮದಲ್ಲಿ ಹೋಗಬೇಕು. ಮಗು ಬರೆದ ಕೊಂಡ ಬೆಲೆಯಿಂದ ಹೊರಡಿ, ಆ ಬೆಲೆಯ ಮೇಲೆಯೇ ಶೇಕಡಾ ತೆಗೆಯಿರಿ, ಕೂಡಿ, ಪ್ರಶ್ನೆಯಲ್ಲಿ ಕೊಟ್ಟ ಮಾರಿದ ಬೆಲೆ ಬಂತೇ ನೋಡಿ.

₹1,500ರಿಂದ ಹೊರಟರೆ: 1,500ರ ಶೇ 20 = 300. ಕೂಡಿದರೆ 1,800. ಸರಿ.

₹1,440ರಿಂದ ಹೊರಟರೆ: 1,440ರ ಶೇ 20 = 288. ಕೂಡಿದರೆ 1,728. ₹72 ಕಡಿಮೆ ಬಿತ್ತು. ಉತ್ತರ ತಪ್ಪು.

ಮಕ್ಕಳು ಮಾಡಿದ ತಾಳೆ ಏಕೆ ಕೈಕೊಟ್ಟಿತು ಎಂಬುದು ಈಗ ಕಾಣುತ್ತದೆ. ಅವರು 1,440ಕ್ಕೆ ಕೂಡಿದ್ದು 360ನ್ನು, ಅಂದರೆ 1,800ರ ಶೇ 20ನ್ನು. ಮೊದಲು ಕಳೆದ ಮೊತ್ತವನ್ನೇ ಮತ್ತೆ ಕೂಡಿದರೆ ಹೊರಟ ಜಾಗಕ್ಕೆ ಬಂದೇ ಬರುತ್ತೇವೆ. ಅದರಿಂದ ಕಳೆಯುವಿಕೆ ಸರಿಯಾಗಿದೆ ಎಂದು ಮಾತ್ರ ತಿಳಿಯುತ್ತದೆ. ಆದ್ದರಿಂದ ನಾನು ತರಗತಿಯಲ್ಲಿ ಒಂದು ನಿಯಮ ಇಟ್ಟಿದ್ದೇನೆ: ತಾಳೆ ನೋಡುವಾಗ ಶೇಕಡಾದ ಮೊತ್ತವನ್ನು ಹೊಸದಾಗಿ ತೆಗೆಯಬೇಕು, ಮೇಲಿನ ಹಂತದಿಂದ ನಕಲು ಮಾಡಬಾರದು. ಉತ್ತರಪತ್ರಿಕೆಯ ತಾಳೆಯಲ್ಲಿ ಮೊದಲಿನ ಹಂತದ ಅದೇ ಸಂಖ್ಯೆ, ಇಲ್ಲಿ 360, ಮತ್ತೆ ಕಂಡರೆ ತಾಳೆ ನಡೆದಿದೆಯೋ ಇಲ್ಲವೋ ಎಂದು ಅನುಮಾನ ಪಡಿ.

ಲಾಭದ ಶೇಕಡಾವನ್ನೇ ಕೇಳಿದ ಲೆಕ್ಕದಲ್ಲೂ ಇದೇ ಕ್ರಮ. ₹400ಕ್ಕೆ ಕೊಂಡು ₹500ಕ್ಕೆ ಮಾರಿದರೆ ಲಾಭ ₹100, ಅಂದರೆ ಶೇ 25. ಮಗು 100ನ್ನು 500ರಿಂದ ಭಾಗಿಸಿ ಶೇ 20 ಎಂದು ಬರೆದಿದ್ದರೆ, 400ರಿಂದ ಹೊರಡಿ: 400ರ ಶೇ 20 = 80, ಮೊತ್ತ 480. ಮಾರಿದ್ದು 500. ತಾಳೆಯಾಗಲಿಲ್ಲ.

### "ಹತ್ತಿರ ಬಂತು" ಎಂಬ ಮೋಸ

ತಾಳೆಯಲ್ಲಿ ಬಿದ್ದ ₹72 ಎಲ್ಲಿಂದ ಬಂತು ಎಂದು ನೋಡುವುದು ಒಳ್ಳೆಯದು. ಅದು 1,800ರ ಶೇ 4. ಶೇ 20 ಲಾಭದ ಲೆಕ್ಕದಲ್ಲಿ ಆಧಾರ ತಪ್ಪಿದರೆ ವ್ಯತ್ಯಾಸ ಯಾವಾಗಲೂ ಮಾರಿದ ಬೆಲೆಯ ಶೇ 4 ಇರುತ್ತದೆ. ಏಕೆಂದರೆ ತಪ್ಪಿದ್ದು ಶೇ 20ರ ಮೇಲಿನ ಶೇ 20, ಅಂದರೆ ಐದನೆಯ ಒಂದರ ಐದನೆಯ ಒಂದು, ಇಪ್ಪತ್ತೈದನೆಯ ಒಂದು. ಶೇ 50 ಆದರೆ ಈ ವ್ಯತ್ಯಾಸ ಶೇ 25ಕ್ಕೆ ಏರುತ್ತದೆ, ಶೇ 10 ಆದರೆ ಶೇ 1ಕ್ಕೆ ಇಳಿಯುತ್ತದೆ, ಶೇ 5 ಆದರೆ ಕಾಲು ಪರ್ಸೆಂಟ್ ಮಾತ್ರ.

ಹಾಗಾಗಿ ಸಣ್ಣ ಶೇಕಡಾದ ಲೆಕ್ಕಗಳೇ ಹೆಚ್ಚು ಅಪಾಯಕಾರಿ. ₹2,100ಕ್ಕೆ ಮಾರಿ ಶೇ 5 ಲಾಭ ಎಂದರೆ ಕೊಂಡ ಬೆಲೆ ₹2,000. ಆಧಾರ ತಪ್ಪಿದ ಮಗು ₹1,995 ಎಂದು ಬರೆಯುತ್ತದೆ. ಸರಿಯಾದ ದಾರಿಯಲ್ಲೇ ತಾಳೆ ನೋಡಿದರೂ ₹2,094.75 ಬರುತ್ತದೆ. "ಐದು ರೂಪಾಯಿ ತಾನೇ ಸರ್, ಹತ್ತಿರ ಬಂತು" ಎಂದು ಬಿಟ್ಟುಬಿಡುತ್ತಾರೆ. ಬಿಡಬಾರದು. ಶಾಲೆಯ ಪರೀಕ್ಷೆಯ ಲೆಕ್ಕದಲ್ಲಿ ನಡುವೆ ನಾವೇ ದಶಮಾಂಶವನ್ನು ಕತ್ತರಿಸಿಲ್ಲ ಎಂದಾದರೆ ತಾಳೆ ಪೈಸೆಗೆ ಪೈಸೆ ಕೂಡಬೇಕು. ಇನ್ನೊಂದು ಸುಳಿವೂ ಇಲ್ಲಿದೆ. ಮಕ್ಕಳಿಗಾಗಿ ಬರೆದ ಪ್ರಶ್ನೆಗಳಲ್ಲಿ ಸಂಖ್ಯೆಗಳು ಸಾಮಾನ್ಯವಾಗಿ ಸಲೀಸಾಗಿ ಭಾಗವಾಗುತ್ತವೆ, ತಾಳೆಯಲ್ಲಿ ಇದ್ದಕ್ಕಿದ್ದಂತೆ ಪೈಸೆ ಕಾಣಿಸಿಕೊಂಡರೆ ಆಧಾರವನ್ನು ಮತ್ತೊಮ್ಮೆ ನೋಡಿ. ಇದು ಸುಳಿವು ಮಾತ್ರ. ನಮ್ಮ ₹1,440 ಪೂರ್ಣ ಸಂಖ್ಯೆಯಾಗಿಯೇ ಇತ್ತು, ಅದರ ತಾಳೆಯಲ್ಲೂ ಪೈಸೆ ಬರಲಿಲ್ಲ.

### ಮಗು ಒಪ್ಪದಿದ್ದರೆ

ಕೆಲವು ಮಕ್ಕಳಿಗೆ ₹72ರ ವ್ಯತ್ಯಾಸ ತೋರಿಸಿದರೂ ಮನಸ್ಸು ಒಪ್ಪುವುದಿಲ್ಲ. "1,800ರ ಮೇಲೆ ಏಕೆ ತೆಗೆಯಬಾರದು?" ಎಂದು ಕೇಳುತ್ತಾರೆ. ಅಂಥವರಿಗೆ ನಾನು ಶೇ 20ನ್ನು ಅಳಿಸಿ ಶೇ 100 ಎಂದು ಬರೆದು, ಅದೇ ವಿಧಾನದಲ್ಲಿ ಮತ್ತೆ ಮಾಡಿಸುತ್ತೇನೆ. 1,800ರ ಶೇ 100 ಎಂದರೆ 1,800. ಕಳೆದರೆ ಸೊನ್ನೆ. ಮೊನ್ನೆ ಒಬ್ಬ ಹುಡುಗ ಕಪ್ಪುಹಲಗೆಯ ಮೇಲೆ ಸೊನ್ನೆ ಬರೆದು, ಸೀಮೆಸುಣ್ಣ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, "ಬೆಲ್ಲವನ್ನು ಪುಕ್ಕಟೆ ತಂದನೇ ಸರ್?" ಎಂದು ಕೇಳಿದ. ಆಮೇಲೆ ತಾನೇ ಅಳಿಸಿ ₹900 ಎಂದು ಬರೆದ. ನಷ್ಟದ ಲೆಕ್ಕಕ್ಕೆ ಶೇ 50 ಹಾಕಿ ನೋಡಿ. ₹720ಕ್ಕೆ ಮಾರಿ ಅರ್ಧಕ್ಕರ್ಧ ನಷ್ಟವಾದರೆ ಉಳಿದ ಅರ್ಧವೇ 720, ಕೊಂಡದ್ದು ₹1,440 ಎಂದು ಎಲ್ಲರೂ ಬಾಯಲ್ಲೇ ಹೇಳುತ್ತಾರೆ. ತಪ್ಪು ವಿಧಾನ ₹1,080 ಕೊಡುತ್ತದೆ.

## ಹಂತ 4: ತಪ್ಪು ಉತ್ತರದಿಂದ ಮಗು ಹಿಡಿದ ಆಧಾರವನ್ನು ಪತ್ತೆ ಮಾಡಿ

ತಪ್ಪು ಎಂದು ತಿಳಿದ ಮೇಲೆ ಏನು ತಪ್ಪು ಎಂದು ತಿಳಿಯಬೇಕು. ಇದಕ್ಕೆ ನಾನು ಹೆಚ್ಚಾಗಿ ಬಳಸುವ ಲೆಕ್ಕ ಇದು:

"ಮಂಡ್ಯದಲ್ಲಿ ₹4,600ಕ್ಕೆ ಬೆಲ್ಲ ಕೊಂಡ ವ್ಯಾಪಾರಿ ಅದನ್ನು ಮೈಸೂರಿಗೆ ಸಾಗಿಸಲು ₹400 ಖರ್ಚು ಮಾಡಿ, ಅಲ್ಲಿ ₹6,000ಕ್ಕೆ ಮಾರಿದನು. ಶೇಕಡಾ ಲಾಭ ಎಷ್ಟು?"

ಸಾಗಣೆಯ ಖರ್ಚು ಕೊಂಡ ಬೆಲೆಗೆ ಸೇರುತ್ತದೆ. ಬೆಲ್ಲ ಮೈಸೂರಿನ ಅಂಗಡಿಯ ಬಾಗಿಲಿಗೆ ಬರುವ ಹೊತ್ತಿಗೆ ಅವನ ಕೈಯಿಂದ ₹5,000 ಹೋಗಿದೆ. ಲಾಭ ₹1,000. 5,000ದ ಮೇಲೆ 1,000 ಎಂದರೆ ಶೇ 20.

ಉತ್ತರಪತ್ರಿಕೆಗಳಲ್ಲಿ ಬರುವ ತಪ್ಪು ಉತ್ತರಗಳು ಸಾಮಾನ್ಯವಾಗಿ ಮೂರು: 16.67, 21.74, 30.43. ಮೂರಕ್ಕೂ ಕೆಂಪು ಗೆರೆ ಎಳೆದುಬಿಡುವುದು ಸುಲಭ. ಆದರೆ ಅವು ಬೇರೆ ಬೇರೆ ತಪ್ಪುಗಳು, ಕಲಿಸಬೇಕಾದದ್ದೂ ಬೇರೆ ಬೇರೆ.

ಪತ್ತೆ ಮಾಡುವ ದಾರಿ ಸರಳ. ಮಗು ಬರೆದ ಲಾಭದ ಮೊತ್ತವನ್ನು 100ರಿಂದ ಗುಣಿಸಿ, ಅದು ಬರೆದ ಶೇಕಡಾದಿಂದ ಭಾಗಿಸಿ. ಬಂದದ್ದೇ ಅದು ಹಿಡಿದ ಆಧಾರ. ಲಾಭ 1,000, ಉತ್ತರ 16.67 ಎಂದಿದ್ದರೆ 1,00,000 ÷ 16.67, ಸುಮಾರು 6,000. ಮಾರಿದ ಬೆಲೆಯನ್ನು ಆಧಾರ ಮಾಡಿಕೊಂಡಿದೆ. ಅದನ್ನು ಹಂತ 1ಕ್ಕೆ ಕರೆದುಕೊಂಡು ಹೋಗಿ.

ಲಾಭ 1,000 ಎಂದೇ ಬರೆದು ಉತ್ತರ 21.74 ಎಂದಿದ್ದರೆ ಆಧಾರ ಸುಮಾರು 4,600. ಈ ಮಗು ಲಾಭ ತೆಗೆಯುವಾಗ ಸಾಗಣೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ, ಶೇಕಡಾ ತೆಗೆಯುವಾಗ ಮರೆತಿದೆ. ಇದು ಬಹಳ ಸೂಕ್ಷ್ಮವಾದ ತಪ್ಪು, ಗಡಿಬಿಡಿಯಲ್ಲಿ ಜಾಣ ಮಕ್ಕಳೇ ಮಾಡುತ್ತಾರೆ. ಕೊಂಡ ಬೆಲೆಯ ಮೇಲೆಯೇ ತೆಗೆಯಬೇಕೆಂದು ಇವರಿಗೆ ಗೊತ್ತಿದೆ, ಮತ್ತೆ ಅದನ್ನೇ ಹೇಳಿದರೆ ಏನೂ ಪ್ರಯೋಜನವಾಗದು. "ಒಟ್ಟು ಕೊಂಡ ಬೆಲೆ = ₹5,000" ಎಂದು ಮೊದಲ ಸಾಲಿನಲ್ಲೇ ಬರೆದು, ಹಳೆಯ 4,600ಕ್ಕೆ ಗೀಟು ಹಾಕುವ ಅಭ್ಯಾಸ ಮಾಡಿಸಿದರೆ ಸಾಕು.

30.43 ಬರೆದ ಮಗುವಿನ ಲಾಭ ₹1,400 ಆಗಿರುತ್ತದೆ. 1,40,000 ÷ 30.43, ಮತ್ತೆ ಸುಮಾರು 4,600. ಇದು ಸಾಗಣೆಯನ್ನು ಪೂರ್ತಿಯಾಗಿ ಬಿಟ್ಟಿದೆ. ಶೇಕಡಾದ ತಿಳಿವಳಿಕೆಯಲ್ಲಿ ದೋಷವಿಲ್ಲ, ಪ್ರಶ್ನೆ ಓದುವುದರಲ್ಲಿ ಇದೆ.

ಕೊಂಡ ಬೆಲೆ ಕೇಳಿದ ಲೆಕ್ಕದಲ್ಲೂ ಈ ದಾರಿ ನಡೆಯುತ್ತದೆ. ಬೆಲ್ಲದ ಮೊದಲ ಲೆಕ್ಕದಲ್ಲಿ 1,800ಕ್ಕೂ 1,440ಕ್ಕೂ ವ್ಯತ್ಯಾಸ 360. 36,000ವನ್ನು 20ರಿಂದ ಭಾಗಿಸಿದರೆ 1,800. ಹಿಡಿದ ಆಧಾರ ಸಿಕ್ಕಿತು.

ಹೀಗೆ ಹುಡುಕಿದಾಗ ಪ್ರಶ್ನೆಯಲ್ಲಿ ಎಲ್ಲೂ ಇಲ್ಲದ ಸಂಖ್ಯೆಯೊಂದು ಆಧಾರವಾಗಿ ಬಂದರೆ ಅದು ಆಧಾರದ ತಪ್ಪಲ್ಲ. ಕೂಡುವ, ಕಳೆಯುವ ಅಥವಾ ಭಾಗಿಸುವ ಕಡೆ ಎಡವಿದೆ. ಆಗ ಮಾತ್ರ ಗುಣಾಕಾರ, ಭಾಗಾಕಾರಗಳನ್ನು ಒಂದೊಂದಾಗಿ ನೋಡಿ.

## ಹಂತ 5: ನಡುವೆ ಆಧಾರ ಬದಲಾಗುವ ಲೆಕ್ಕಗಳನ್ನು ಬೇರೆಯಾಗಿ ನೋಡಿ

ಎರಡು ಶೇಕಡಾಗಳಿರುವ ಲೆಕ್ಕ ಕಂಡರೆ, ಎರಡಕ್ಕೂ ಬೇರೆ ಬೇರೆ ಗೆರೆ ಎಳೆಯಿರಿ.

"ಮೈಸೂರಿನ ಬಟ್ಟೆ ವ್ಯಾಪಾರಿಯೊಬ್ಬ ₹500ರ ಸೀರೆಗೆ ಶೇ 40 ಹೆಚ್ಚು ಬೆಲೆ ನಮೂದಿಸಿ, ದಸರಾಕ್ಕೆ ಶೇ 25 ರಿಯಾಯಿತಿ ಕೊಟ್ಟನು. ಲಾಭ ಎಷ್ಟು?" ಇಲ್ಲಿ 40 ಇರುವುದು ಕೊಂಡ ಬೆಲೆಯ ಮೇಲೆ, 25 ಇರುವುದು ನಮೂದಿತ ಬೆಲೆಯ ಮೇಲೆ. ನಮೂದಿತ ಬೆಲೆ ₹700, ಅದರ ಶೇ 25 ಎಂದರೆ ₹175, ಮಾರಿದ ಬೆಲೆ ₹525. ಲಾಭ ₹25, ಶೇ 5. 40ರಿಂದ 25 ಕಳೆದು ಶೇ 15 ಎಂದು ಬರೆದ ಮಗು ಎರಡೂ ಶೇಕಡಾಗಳು 500ರ ಮೇಲೆಯೇ ಇವೆ ಎಂದುಕೊಂಡಿದೆ. ಎರಡು ಶೇಕಡಾಗಳನ್ನು ನೇರವಾಗಿ ಕೂಡಿದ ಅಥವಾ ಕಳೆದ ಸಾಲು ಕಂಡಲ್ಲೆಲ್ಲ ನಿಂತು, ಎರಡರ ಆಧಾರವೂ ಒಂದೇ ಹೌದೇ ಎಂದು ಕೇಳಿ. ಒಂದೇ ಆಗಿದ್ದರೆ ಮಾತ್ರ ಹಾಗೆ ಮಾಡಬಹುದು.

ಇದೇ ಜಾತಿಯ ಇನ್ನೊಂದು ಲೆಕ್ಕ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ರೈತನೊಬ್ಬ ಎರಡು ಬನ್ನೂರು ಕುರಿಗಳನ್ನು ಒಂದೊಂದಕ್ಕೆ ₹9,900ರಂತೆ ಮಾರಿದ. ಒಂದರಲ್ಲಿ ಶೇ 10 ಲಾಭ, ಇನ್ನೊಂದರಲ್ಲಿ ಶೇ 10 ನಷ್ಟ. ಒಟ್ಟಿನಲ್ಲಿ ಏನಾಯಿತು? "ಲಾಭವೂ ಇಲ್ಲ, ನಷ್ಟವೂ ಇಲ್ಲ" ಎಂದು ಬರೆದಿರುತ್ತಾರೆ. ಹಂತ 2ರ ಸಾಲುಗಳನ್ನು ಎರಡು ಸಲ ಬರೆಯಿಸಿ. ಮೊದಲ ಕುರಿಗೆ 110 ಭಾಗ ₹9,900, ಕೊಂಡದ್ದು ₹9,000. ಎರಡನೆಯದಕ್ಕೆ 90 ಭಾಗ ₹9,900, ಕೊಂಡದ್ದು ₹11,000. ಒಟ್ಟು ₹20,000 ಕೊಟ್ಟು ₹19,800 ಪಡೆದಿದ್ದಾನೆ, ₹200 ನಷ್ಟ, ಶೇ 1. ಮಾರಿದ ಬೆಲೆ ಒಂದೇ ಆಗಿದ್ದರೂ ಆಧಾರ ಎರಡು. ಒಟ್ಟು ನಷ್ಟದ ಶೇಕಡಾವನ್ನು ತೆಗೆಯುವಾಗ 20,000 ಎಂಬ ಮೂರನೆಯ ಆಧಾರವೂ ಬರುತ್ತದೆ, ಅಲ್ಲಿ 19,800ನ್ನು ಹಿಡಿದವರೂ ಇದ್ದಾರೆ.

## ಹಂತ 6: ಅಂಕ ಹಾಕಿ, ಮೂರು ದಿನ ಬಿಟ್ಟು ಮತ್ತೆ ಕೇಳಿ

ಮೂರು ಅಂಕದ ಲೆಕ್ಕದಲ್ಲಿ ಆಧಾರ ತಪ್ಪಿದ್ದರೆ ನಾನು, ಮುಂದಿನ ಹಂತಗಳು ಶುದ್ಧವಾಗಿದ್ದಾಗ, ಒಂದು ಅಂಕ ಕೊಡುತ್ತೇನೆ. ಪೂರ್ತಿ ಸೊನ್ನೆ ಹಾಕಿದರೆ ಮಗು ತನಗೆ ಗುಣಾಕಾರವೂ ಬರುವುದಿಲ್ಲ ಎಂದುಕೊಂಡು ತಪ್ಪಾದ ಜಾಗದಲ್ಲಿ ಅಭ್ಯಾಸ ಮಾಡುತ್ತದೆ. ಅಂಕದ ಪಕ್ಕದಲ್ಲಿ ಒಂದೇ ಒಂದು ಪ್ರಶ್ನೆ ಬರೆಯುತ್ತೇನೆ: "ಯಾವುದರ ಶೇ 20?" ಸರಿಯುತ್ತರವನ್ನು ಬರೆಯುವುದಿಲ್ಲ.

ತಿದ್ದಿಸಿದ ದಿನವೇ ಅದೇ ಮಾದರಿಯ ಲೆಕ್ಕ ಕೊಟ್ಟರೆ ಎಲ್ಲರೂ ಸರಿ ಮಾಡುತ್ತಾರೆ. ಆಗಷ್ಟೇ ನೋಡಿದ ಹಂತಗಳು ಕಣ್ಣ ಮುಂದೆ ಇರುತ್ತವೆ. ಅದನ್ನು ನಂಬಬೇಡಿ. ಮೂರು ದಿನ ಬಿಟ್ಟು ಎರಡು ಲೆಕ್ಕಗಳನ್ನು ಒಂದರ ಕೆಳಗೊಂದು ಕೊಡಿ: "₹1,200ಕ್ಕೆ ಕೊಂಡ ವಸ್ತುವನ್ನು ಶೇ 20 ಲಾಭಕ್ಕೆ ಮಾರಿದರೆ ಮಾರಿದ ಬೆಲೆ ಎಷ್ಟು?" ಮತ್ತು "ಒಂದು ವಸ್ತುವನ್ನು ₹1,200ಕ್ಕೆ ಮಾರಿ ಶೇ 20 ಲಾಭ ಬಂದರೆ ಕೊಂಡ ಬೆಲೆ ಎಷ್ಟು?" ಉತ್ತರಗಳು ₹1,440 ಮತ್ತು ₹1,000. ಎರಡರಲ್ಲೂ 240 ಎಂಬ ಸಂಖ್ಯೆ ಬರೆದು, ಒಂದರಲ್ಲಿ ಕೂಡಿ ಇನ್ನೊಂದರಲ್ಲಿ ಕಳೆದು, ಎರಡನೆಯದಕ್ಕೆ ₹960 ಎಂದು ಕೊಟ್ಟ ಮಗುವನ್ನು ಮತ್ತೆ ಹಂತ 2ರ ಮೂರು ಸಾಲುಗಳ ಮುಂದೆ ಕೂರಿಸಿ.